ಎಲ್ಲರಿಗೂ ಹೋಗದ ಉತ್ತರ

ಆ ಮೇಲ್ ಬರೆಯಲು ನನಗೆ ಮೂರು ದಿನ ಹಿಡಿಯಿತು. ಮೂರು ದಿನ ಎಂದರೆ ನಮ್ಮ ಅಧ್ಯಕ್ಷ ಚಿಕ್ಕಸ್ವಾಮಿಯವರ ಲೆಕ್ಕದಲ್ಲಿ ಮೆಷಿನ್ ಕೊಂಡು, ಲಗೇಜ್ ಆಟೋದಲ್ಲಿ ತಂದು, ಪೂಜೆ ಮಾಡಿ, ಎರಡು ಲೋಡು ರಾಗಿ ಹಾಕಿ ತೆಗೆದುಬಿಡಬಹುದಾದಷ್ಟು ಕಾಲ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿರುವುದನ್ನು ಬಾಗಿಲಲ್ಲೇ ನಿಂತು ನೋಡಿ ಅವರು ಅಂದರು:

"ಅಲ್ಲ ಕಣವ್ವ ಪವಿತ್ರ, ಬೆಳ್ಳೂರು ಕ್ರಾಸಿಗೆ ಓಗಿ, ಒಂದು ಟೀ ಕುಡ್ಕಂಡು, ಮೆಷಿನ್ ನೋಡ್ಕಂಡು ಬಂದ್ಬುಟ್ರೆ ಆಗ್ತಿತ್ತು. ಇದೇನು, ಲಗ್ನಪತ್ರಿಕೆ ಬರಿತಾ ಇದ್ದೀಯಾ?"

"ಅಂಗೆ ಹೋಗಿ ತಂದಿದ್ದಕ್ಕೇ ಅಲ್ವಾ ಅಣ್ಣ, ಹೋದ್ ವರ್ಷ ಟಾರ್ಪಾಲು ವಿಷಯದಲ್ಲಿ ಜನ ಮಾತಾಡಿದ್ದು?"

ಹಿಂದಿನ ವರ್ಷ ನಮ್ಮ ಕಂಪನಿಗೆ ಟಾರ್ಪಾಲು ತಂದದ್ದು ಅವರ ಷಡ್ಡಕನ ಅಂಗಡಿಯಿಂದ. ಬೆಲೆ ಸರಿಯಾಗಿಯೇ ಇತ್ತು, ಮಾಲೂ ಚೆನ್ನಾಗಿತ್ತು, ಆದರೆ ಬೇರೆ ಯಾರನ್ನೂ ಕೇಳಿರಲಿಲ್ಲ. ವಾರ್ಷಿಕ ಸಭೆಯಲ್ಲಿ ಅದೇ ಒಂದು ಮಾತಾಗಿ, ಚಿಕ್ಕಸ್ವಾಮಿಯವರು ಮೈಕು ಹಿಡಿದುಕೊಂಡು ದೇವರ ಮೇಲೆ ಆಣೆ ಇಡುವವರೆಗೂ ಹೋಗಿತ್ತು.

ನಮ್ಮದು ಶೀಳನೆರೆಯ ರೈತ ಉತ್ಪಾದಕರ ಕಂಪನಿ. ಮುನ್ನೂರ ಹತ್ತು ಜನ ಷೇರುದಾರರು, ಒಂದು ಗೋಡೌನು, ಒಂದು ತೂಕದ ಯಂತ್ರ, ಮತ್ತು ಮ್ಯಾನೇಜರ್ ಎಂಬ ಹೆಸರಿನಲ್ಲಿ ನಾನು. ಸೇರಿ ಎಂಟು ತಿಂಗಳಾಗಿತ್ತು. ಸದಸ್ಯರಿಂದ ರಾಗಿ ಕೊಂಡು, ಸ್ವಚ್ಛ ಮಾಡಿ, ಹಿಟ್ಟಿನ ಕಂಪನಿಗಳಿಗೆ ಮಾರುವುದು ನಮ್ಮ ಕೆಲಸ. ಅಲ್ಲಿಯವರೆಗೆ ಸ್ವಚ್ಛ ಮಾಡುತ್ತಿದ್ದದ್ದು ನಿರ್ದೇಶಕಿ ಅಣ್ಣಮ್ಮನವರು ಮತ್ತು ಇನ್ನೂ ಆರು ಹೆಂಗಸರು, ಮೊರ ಜರಡಿ ಹಿಡಿದು. ಈಗ ಬೋರ್ಡಿನವರು ಮೆಷಿನ್ನಿಗೆ ಒಪ್ಪಿದ್ದರು.

ಮೈಸೂರಿನಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ನಾನು ಕಲಿತು ಬಂದಿದ್ದೆ, ದರ ಕೇಳುವುದು ಹೇಗೆ ಅಂತ. ಒಬ್ಬೊಬ್ಬ ಅಂಗಡಿಯವನಿಗೆ ಒಂದೊಂದು ಥರ ಕೇಳಿದರೆ ಬರುವ ಉತ್ತರಗಳೂ ಒಂದೊಂದು ಥರ ಇರುತ್ತವೆ; ಆಮೇಲೆ ಯಾವುದು ಕಡಿಮೆ ಯಾವುದು ಜಾಸ್ತಿ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಮೇಲ್, ಒಂದೇ ವಿವರ, ಒಂದೇ ಕೊನೆ ದಿನ, ತುಂಬಲು ಒಂದೇ ನಮೂನೆ. ಅದು ನನಗೆ ಎಷ್ಟು ಹಿಡಿಸಿತ್ತು ಎಂದರೆ ವಾಪಸ್ ಬರುವ ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮೇಲ್‌ನ ಅರ್ಧ ಮೊಬೈಲಿನಲ್ಲೇ ಟೈಪ್ ಮಾಡಿದ್ದೆ.

ನಮೂನೆಯಲ್ಲಿ ಮೆಷಿನ್ನಿನ ಬೆಲೆ ಬೇರೆ, ಜಿಎಸ್‌ಟಿ ಬೇರೆ, ಸಾಗಣೆ ಬೇರೆ, ಕೂರಿಸಿ ಓಡಿಸಿ ತೋರಿಸುವ ಖರ್ಚು ಬೇರೆ ಅಂತ ಒಂದೊಂದಕ್ಕೂ ಒಂದು ಮನೆ ಹಾಕಿದೆ. ವಾರಂಟಿ ಎಷ್ಟು ತಿಂಗಳು, ಆರ್ಡರ್ ಕೊಟ್ಟ ಎಷ್ಟು ದಿನಕ್ಕೆ ಮೆಷಿನ್ ಬರುತ್ತದೆ, ಹಣ ಯಾವಾಗ ಕೊಡಬೇಕು, ಹೇಳಿದ ದರ ಎಷ್ಟು ದಿನ ನಿಲ್ಲುತ್ತದೆ, ಎಲ್ಲವನ್ನೂ ಕೇಳಿದೆ. ಮೇಲೆ ವಿವರ: ರಾಗಿ ಸ್ವಚ್ಛ ಮಾಡುವ ಯಂತ್ರ ಒಂದು, ಗಂಟೆಗೆ ಐನೂರು ಕೆಜಿ, ತ್ರೀ ಫೇಸ್ ಮೋಟಾರು, ದೂಳು ಹೊಟ್ಟು ಎಳೆಯುವ ಫ್ಯಾನು, ಎರಡು ಜರಡಿ. ಕೆಳಗೆ ದಪ್ಪ ಅಕ್ಷರದಲ್ಲಿ: "ಡಿಸೆಂಬರ್ ಇಪ್ಪತ್ತು ಸಂಜೆ ಐದು ಗಂಟೆಯೊಳಗೆ ಕಳಿಸಬೇಕು. ಸಂದೇಹಗಳಿದ್ದರೆ ಮೇಲ್ ಮೂಲಕವೇ ಕೇಳಬೇಕು, ಫೋನ್ ಮಾಡಬಾರದು. ಒಬ್ಬರು ಕೇಳಿದ್ದಕ್ಕೆ ಕೊಡುವ ಉತ್ತರವನ್ನು ಎಲ್ಲರಿಗೂ ಕಳಿಸಲಾಗುವುದು."

ಆ ಕೊನೆಯ ಸಾಲು ಬರೆದಾಗ ನನಗೆ ಒಳ್ಳೆ ಜಡ್ಜ್ ಆದ ಹಾಗೆ ಅನ್ನಿಸಿತ್ತು.

ನಾಲ್ಕು ವಿಳಾಸಕ್ಕೆ ಹೋಯಿತು. ಬೆಳ್ಳೂರು ಕ್ರಾಸಿನ ನಾಗಾರ್ಜುನ, ಹೆದ್ದಾರಿ ಪಕ್ಕದಲ್ಲೇ ಕೃಷಿ ಯಂತ್ರಗಳ ಶೋರೂಮ್ ಇಟ್ಟವರು. ಶ್ರೀರಂಗಪಟ್ಟಣದ ಶ್ರೀಕರ, ಹಿಟ್ಟಿನ ಗಿರಣಿ ಸಾಮಾನು ಮಾರುವವರು. ನಾಗಮಂಗಲದ ಒಂದು ಅಂಗಡಿ. ಅವರು ಕೊನೆಗೂ ಉತ್ತರ ಕೊಡಲಿಲ್ಲ. ಮತ್ತೆ ಪಾಂಡವಪುರದ ಮಂಚಯ್ಯ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ ಕಳಿಸಿದೆ. ಅದಕ್ಕೂ ಚಿಕ್ಕಸ್ವಾಮಿಯವರು ನಕ್ಕರು: "ಸವತೀರ್ ಥರ ಒಬ್ರಿಗೊಬ್ರು ಕಾಣ್ದಂಗೆ ಮಡಗಿದ್ದೀಯ ಬುಡು."

ಮಂಚಯ್ಯ ಮಾರುವವರಲ್ಲ, ಮಾಡುವವರು. ಪಾಂಡವಪುರದಲ್ಲಿ ಅವರದು ಒಂದು ತಗಡಿನ ಶೆಡ್ಡು, ಒಳಗೆ ಕಬ್ಬಿಣ ಕಡೆಯುವ ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು. ನಮ್ಮ ತಾತನ ಆಲೆಮನೆಯ ಗಾಣ ಕೆಟ್ಟಾಗಲೆಲ್ಲ ಅವರೇ ಬಂದು ರಿಪೇರಿ ಮಾಡುತ್ತಿದ್ದರು. ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯುವುದು. ಅವರ ಹೆಸರು ಪಟ್ಟಿಗೆ ಸೇರಿಸುವಾಗ ನಾನು ಎರಡು ಸಲ ಯೋಚನೆ ಮಾಡಿದ್ದೆ, ಗುರುತಿನವರು ಅಂತ. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಎಲ್ಲರಿಗೂ ಒಂದೇ ಮೇಲ್ ಅಲ್ಲವಾ, ಗುರುತಿದ್ದರೇನು.

ಮೂರನೇ ದಿನ ಬೆಳಿಗ್ಗೆ ಅವರ ಫೋನ್ ಬಂತು. ನಾನು ಆಗ ರಸ್ತೆಯಲ್ಲಿದ್ದೆ. ರಸ್ತೆ ತುಂಬಾ ರಾಗಿ ತೆನೆ ಹರಡಿದ್ದರು, ನನ್ನ ಸ್ಕೂಟಿ ಅದರ ಮೇಲೆ ಜಾರುತ್ತಾ ಹೋಗುತ್ತಿತ್ತು. ಪಕ್ಕದಲ್ಲಿ ನಿಲ್ಲಿಸಿ ಎತ್ತಿದೆ.

"ಪವಿತ್ರವ್ವ, ನಾನು ಮಂಚಯ್ಯ. ಫೋನ್ ಮಾಡ್ಬ್ಯಾಡಿ ಅಂತ ಬರ್ದಿದ್ದೀಯ, ಬೈಬ್ಯಾಡ ಕಣವ್ವ. ಸೊಸೆ ಕೈಲಿ ಓದಿಸ್ದೆ. ಅವ್ಳೋ ಸ್ಕೂಲಿಗೆ ಒಂಟೋದ್ಲು, ನಂಗೆ ಟೈಪು ಬರಾಕಿಲ್ಲ. ಒಂದೇ ಒಂದ್ ಮಾತು ಕೇಳ್ಬುಡ್ತೀನಿ."

"ಕೇಳಿ ಮಾವ, ಪರವಾಗಿಲ್ಲ."

"ನಿಮ್ ರಾಗಿ ಕಣದ್ದೋ ರೋಡಿಂದೋ?"

ನಾನು ಕೆಳಗೆ ನೋಡಿದೆ. ಒಂದು ಟಿಪ್ಪರ್ ಬಂದು ತೆನೆಗಳ ಮೇಲೆ ಹಾದು ಹೋಯಿತು. ಕಡ್ಡಿ ಪೊರಕೆ ಹಿಡಿದ ಇಬ್ಬರು ಹೆಂಗಸರು ಅದು ದಾಟುವುದನ್ನೇ ಕಾಯುತ್ತಿದ್ದು ರಾಗಿ ಗುಡಿಸಿ ಗುಡ್ಡೆ ಹಾಕತೊಡಗಿದರು.

"ರೋಡಿಂದೇ ಮಾವ. ಈಗ ಕಣ ಯಾರ್ ಮಾಡ್ತಾರೆ?"

"ಅದೇ ಅಂದ್ಕಂಡೆ. ರೋಡಿಂದಾದ್ರೆ ಜಲ್ಲಿಪುಡಿ ಬತ್ತದೆ, ಟಾರು ಬತ್ತದೆ. ರಾಗಿ ಗಾತ್ರದ್ದೇ ಕಲ್ಲು. ಜರಡೀಲಿ ಓಗಾಕಿಲ್ಲ ಅದು. ನೀನು ಬರ್ದಿರೋದು ಬರೀ ಜರಡಿ ಫ್ಯಾನು. ಕಲ್ಲು ತೆಗೆಯೋ ಮಂಚ ಬ್ಯಾರೆನೇ ಬೇಕು, ಅದುರೋ ಅಂಥದ್ದು, ಕೆಳಗಿಂದ ಗಾಳಿ ಒಡೆಯೋದು. ಸೇರಿಸ್ಲಾ ಬ್ಯಾಡ್ವಾ?"

ನನಗೆ ಅದು ಹೊಳೆದೇ ಇರಲಿಲ್ಲ. ವಿವರವನ್ನು ನಾನು ಇಂಟರ್‌ನೆಟ್ಟಿನಲ್ಲಿ ಯಾವುದೋ ಕಂಪನಿಯ ಹಾಳೆ ನೋಡಿ ಬರೆದಿದ್ದೆ. ಆ ಹಾಳೆ ಬರೆದವರ ಊರಿನಲ್ಲಿ ರಾಗಿಯನ್ನು ರಸ್ತೆಗೆ ಹಾಕುವುದಿಲ್ಲವೇನೋ. ನಮ್ಮಲ್ಲಿ ಎಲ್ಲರೂ ಹಾಕುತ್ತಾರೆ, ಹುಟ್ಟಿದಾಗಿನಿಂದ ನೋಡಿದ್ದೇನೆ, ಅದಕ್ಕೇ ಅದು ಬರೆಯಬೇಕಾದ ವಿಷಯ ಅಂತ ಅನ್ನಿಸಿರಲಿಲ್ಲ.

"ಸೇರಿಸಿ ಮಾವ, ಖಂಡಿತ ಸೇರಿಸಿ."

"ಸರಿ ಕಣವ್ವ. ಇನ್ನೊಂದ್ ಮಾತು, ನಿಂಗೆ ಏಳಿರ್ತೀನಿ. ಇದು ನನ್ ಕೈಗೆ ಬಂದ್ರೆ ಶೆಡ್ಡು ಮಡಿಕ್ಕತೀನಿ. ಇಲ್ದಿದ್ರೆ ಸಂಕ್ರಾಂತಿಗೆ ಲೇತು ಕೊಟ್ಬುಡು ಅಂತಾವ್ನೆ ಮಗ. ಈಗೆಲ್ಲ ರೆಡಿಮೇಡ್ ಬಂದ್ಬುಡ್ತದೆ, ನಿನ್ ಕೈಲಿ ಆಗಾಕಿಲ್ಲ ಅಂತಾನೆ. ಒಂದು ಮೆಷಿನ್ ಮಾಡಿ ತೋರಿಸ್ಬುಡವಾ ಅಂತ ನಂಗೆ. ಅದುಕ್ಕೆ ನೀನು ಏನೂ ಮಾಡ್ಬ್ಯಾಡ, ನ್ಯಾಯವಾಗಿ ನೋಡು ಅಷ್ಟೆ."

"ನ್ಯಾಯವಾಗೇ ನೋಡ್ತೀವಿ ಮಾವ."

ಫೋನ್ ಇಟ್ಟ ತಕ್ಷಣ ನಾನು ಮಾಡಬೇಕಾಗಿದ್ದ ಕೆಲಸ ನನಗೆ ಗೊತ್ತಿತ್ತು. ಐದು ನಿಮಿಷದ ಕೆಲಸ. ಉಳಿದ ಮೂವರಿಗೂ ಒಂದು ಮೇಲ್: ರಾಗಿ ರಸ್ತೆಯಲ್ಲಿ ಒಕ್ಕಿದ್ದು, ಕಲ್ಲು ತೆಗೆಯುವ ಭಾಗವೂ ಬೇಕು, ಅದನ್ನು ಸೇರಿಸಿ ದರ ಕೊಡಿ, ಕೊನೆ ದಿನವನ್ನು ಎರಡು ದಿನ ಮುಂದಕ್ಕೆ ಹಾಕಿದ್ದೇವೆ. ಮಾಡುತ್ತೇನೆ ಅಂದುಕೊಂಡೇ ಆಫೀಸಿಗೆ ಬಂದೆ. ಅಲ್ಲಿ ತೂಕದ ಯಂತ್ರ ಕೆಟ್ಟು ಎಂಟು ಟ್ರಾಕ್ಟರು ಸಾಲು ನಿಂತಿದ್ದವು. ಮಧ್ಯಾಹ್ನ ಮತ್ತೆ ನೆನಪಾಯಿತು. ಆಗ ಇನ್ನೊಂದು ಯೋಚನೆಯೂ ಬಂತು: ಇದು ಯಾರಿಗೆ ಗೊತ್ತಿಲ್ಲ? ಬೆಳ್ಳೂರಿನವರಿಗೆ ಗೊತ್ತಿಲ್ಲವಾ? ಶ್ರೀರಂಗಪಟ್ಟಣದವರು ರಸ್ತೆ ಮೇಲೆ ರಾಗಿ ನೋಡಿಲ್ಲವಾ? ಅವರೇ ಸೇರಿಸುತ್ತಾರೆ. ಮೊದಲ ಮೇಲ್‌ನಲ್ಲೇ ತಪ್ಪಿತ್ತು ಅಂತ ಮೂರೇ ದಿನಕ್ಕೆ ಎಲ್ಲರಿಗೂ ಬರೆಯುವುದಕ್ಕೆ ನಾಚಿಕೆಯೂ ಆಯಿತು. ಅದನ್ನು ನಾನು ಆಗ ನಾಚಿಕೆ ಅಂತ ಕರೆಯಲಿಲ್ಲ, ಪುರುಸೊತ್ತಿಲ್ಲ ಅಂತ ಕರೆದೆ.

ಇಪ್ಪತ್ತನೇ ತಾರೀಖು ಐದು ಗಂಟೆಯವರೆಗೆ ನಾನು ಯಾವ ಉತ್ತರವನ್ನೂ ತೆರೆಯಲಿಲ್ಲ. ಅಷ್ಟು ನಿಯಮ ಪಾಲಿಸಿದೆ. ಐದಾದ ಮೇಲೆ ಮೂರನ್ನೂ ತೆರೆದು ಒಂದೇ ಹಾಳೆಗೆ ಇಳಿಸಿದೆ. ಸಾಲಾಗಿ ಮೂರು ಹೆಸರು, ಒಂದೊಂದರ ಕೆಳಗೂ ಬೆಲೆ, ತೆರಿಗೆ, ಸಾಗಣೆ, ಒಟ್ಟು. ಶ್ರೀಕರ ಅವರು ತೆರಿಗೆ ಬಿಟ್ಟು ಹಾಕಿದ್ದರು, ಅದನ್ನು ಸೇರಿಸಿ ಸರಿ ಮಾಡಿದೆ. ನಾಗಾರ್ಜುನ ಅವರದು ಎಲ್ಲಕ್ಕಿಂತ ಕಡಿಮೆ, ಶ್ರೀಕರ ಅವರದು ಅದಕ್ಕಿಂತ ಏಳೆಂಟು ಸಾವಿರ ಜಾಸ್ತಿ. ಮಂಚಯ್ಯನವರದು ನಾಗಾರ್ಜುನ ಅವರದಕ್ಕಿಂತ ಎಂಬತ್ತು ಸಾವಿರ ಜಾಸ್ತಿ. ಅವರ ನಮೂನೆಯಲ್ಲಿ ಮಾತ್ರ ಕೆಳಗೆ ಒಂದು ಸಾಲಿತ್ತು: "ಕಲ್ಲು ತೆಗೆಯುವ ಭಾಗ ಸೇರಿ." ಉಳಿದ ಇಬ್ಬರ ಹಾಳೆಯಲ್ಲಿ ನಾನು ಕೇಳಿದ್ದು ಮಾತ್ರ ಇತ್ತು. ಜರಡಿ, ಫ್ಯಾನು, ಮೋಟಾರು.

ಆ ಸಾಲನ್ನು ಹಾಕಲು ನನ್ನ ಹಾಳೆಯಲ್ಲಿ ಮನೆಯೇ ಇರಲಿಲ್ಲ.

ಮರುದಿನ ಬೋರ್ಡ್ ಸಭೆ. ಬೆಳಿಗ್ಗೆ ಆರಕ್ಕೆ ಎದ್ದವಳು ಸಭೆಯ ಹೊತ್ತಿನವರೆಗೂ ಒಂದೇ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ: "ಮೂರೂ ಒಂದೇ ಸಾಮಾನಿನ ದರ ಅಲ್ಲ, ನನ್ನಿಂದ ತಪ್ಪಾಗಿದೆ, ಇನ್ನೊಂದು ಸಲ ಕೇಳೋಣ." ಹೇಳಲು ಏನೂ ಕಷ್ಟದ ಮಾತಲ್ಲ. ಆದರೆ ನಾನು ಹಾಳೆ ಹಂಚಿದ ತಕ್ಷಣ ಚಿಕ್ಕಸ್ವಾಮಿಯವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿ, ಎಲ್ಲರ ಮುಂದೆ ಅಂದರು:

"ನೋಡ್ರಪ್ಪ, ಇಂಗಿರ್ಬೇಕು. ಇನ್ಮೇಲೆ ಯಾವನಾದ್ರೂ ಷಡ್ಡಕ ಗಿಡ್ಡಕ ಅನ್ಲಿ, ಈ ಆಳೆ ಮಕಕ್ಕೆ ಇಡಿತೀನಿ. ನಾನು ತಮಾಷೆ ಮಾಡ್ದೆ, ಈ ಉಡುಗಿ ಮಾಡ್ ತೋರಿಸ್ಬುಟ್ಳು."

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹಿಗ್ಗು. ಆ ಹಿಗ್ಗಿನಲ್ಲಿ ಆ ಮಾತನ್ನು ಮುಂದಕ್ಕೆ ಹಾಕಿದೆ.

ಇನ್ನೊಬ್ಬ ನಿರ್ದೇಶಕ ಶಿವಶಂಕರ್, ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಮೂರನೇ ಸಾಲಿಗೆ ಬಂದು ನಿಂತರು. "ಇದೇನು ಈ ಮಂಚಯ್ಯ ಇಷ್ಟು ಆಕವ್ನೆ? ಎಂಬತ್ತು ಸಾವಿರ ಜಾಸ್ತಿ! ಮೆಷಿನ್ನಿಗೆ ಬೆಳ್ಳಿ ಕಟ್ಟು ಆಕ್ತಾನಂತಾ?"

"ನಮ್ ಪವಿತ್ರನ್ ತಾತನ ಮನೇಗೆ ಬರ್ತಿದ್ದೋನು ಅಲ್ವಾ?" ಅಂದರು ಇನ್ನೊಬ್ಬರು. "ಗುರುತಿನೋರು, ಕೊಟ್ಬುಡ್ತಾರೆ ಅಂತ ಆಕವ್ನೆ."

"ಅದೇ ಮತ್ತೆ. ಮುದುಕ ಕಿಲಾಡಿ ಕಣ್ಲಾ."

ಎಲ್ಲರೂ ನಕ್ಕರು. ಅಣ್ಣಮ್ಮ ಮಾತ್ರ ನನ್ನ ಕಡೆ ತಿರುಗಿ ಕೇಳಿದರು: "ಯಾಕವ್ವ ಅಷ್ಟು ಜಾಸ್ತಿ? ಏನಾದ್ರೂ ಬ್ಯಾರೆ ಕೊಡ್ತಾನಾ?"

ಅಲ್ಲೇ ಬಾಗಿಲು ತೆರೆದಿತ್ತು. ನಾನು ಕಾಲಿಡಬೇಕಿತ್ತು ಅಷ್ಟೆ.

"ಎಲ್ಲರಿಗೂ ಒಂದೇ ವಿವರ ಕಳಿಸಿದ್ದು ಅಕ್ಕ," ಅಂದೆ.

ಮಾತು ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು. ಆರ್ಡರ್ ಬೆಳ್ಳೂರಿಗೆ ಹೋಯಿತು.

ಸಿಗದವರಿಗೂ ತಿಳಿಸಬೇಕು, ಅದು ಮರ್ಯಾದೆ, ಅಂತ ತರಬೇತಿಯಲ್ಲಿ ಹೇಳಿದ್ದರು. ಇಬ್ಬರಿಗೂ ಧನ್ಯವಾದದ ಮೇಲ್ ಕಳಿಸಿದೆ. ಶ್ರೀಕರ ಅವರು "ಮುಂದಿನ ಸಲ ನೋಡಿ ಮೇಡಂ" ಅಂತ ಬರೆದರು. ಮಂಚಯ್ಯ ಫೋನ್ ಮಾಡಿದರು.

"ಆಯ್ತು ಬುಡವ್ವ, ಅದುಕ್ಕೇನೀಗ. ಒಂದು ಕೇಳ್ಲಾ? ಅವ್ರು ಎಷ್ಟು ಆಕವ್ರೆ ಅಂತ ಏಳ್ಬ್ಯಾಡ, ನೀನು ಏಳಂಗಿಲ್ಲ ಅಂತ ಸ್ನೇಹ ಅಂದ್ಲು. ಅವ್ರೂ ಕಲ್ಲು ತೆಗೆಯೋದು ಸೇರ್ಸೇ ಆಕಿದ್ದಾ?"

ಸ್ನೇಹ ಅವರ ಸೊಸೆ, ಉತ್ತರ ಟೈಪ್ ಮಾಡಿದವಳು. ಹಿಂದಿನಿಂದ ಅವಳು ಏನೋ ಹೇಳುತ್ತಿದ್ದದ್ದು ಕೇಳಿಸಿತು. ಮಾವಯ್ಯ, ಸಾಕು ಬಿಡಿ, ಅಂತಲೋ ಏನೋ.

ಇಲ್ಲ ಅಂದರೆ ಅವರು ಮುಂದಿನದನ್ನು ಕೇಳುತ್ತಾರೆ. ಮತ್ತೆ ಯಾಕವ್ವ ನಂಗೆ ಸೇರಿಸು ಅಂದೆ, ಅಂತ.

"ಹೂಂ ಮಾವ. ಸೇರಿಸೇ."

ಆ ಕಡೆ ಹಾಳೆ ತಿರುವುವ ಸದ್ದು ಕೇಳಿಸಿತು.

"ನನ್ಗಿಂತ ಕಮ್ಮೀಲಿ ಮಾಡ್ಬುಟ್ಟವ್ರಾ? ಅಂಗಾದ್ರೆ ನಂದೇ ಲೆಕ್ಕ ತಪ್ಪು ಕಣವ್ವ. ಕಬ್ಬಿಣದ ರೇಟೇ ನಂಗೆ ಅಷ್ಟು ಬೀಳ್ತದೆ. ಮಗ ಏಳೋದು ಸರಿಯಾಗೇ ಅದೆ. ಆಯ್ತು, ಮಡಗ್ಲಾ?"

ಮಡಗಿದರು.

ಮೆಷಿನ್ ಜನವರಿ ಎರಡನೇ ವಾರ ಬಂತು, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ. ನೀಲಿ ಬಣ್ಣ, ಹೊಳೆಯುತ್ತಿತ್ತು. ನಾಗಾರ್ಜುನ ಅವರೇ ಬಂದು ಕೂರಿಸಿ, ಓಡಿಸಿ ತೋರಿಸಿದರು. ಗಂಟೆಗೆ ಐನೂರಲ್ಲ, ಐನೂರ ಇಪ್ಪತ್ತು ಕೆಜಿ ಹಾಕಿತು. ಹೊಟ್ಟು ಒಂದು ಕಡೆ, ದೂಳು ಒಂದು ಕಡೆ, ರಾಗಿ ಕೆಂಪಗೆ ಫಳಫಳ ಅಂತ ಚೀಲಕ್ಕೆ. ಚಿಕ್ಕಸ್ವಾಮಿಯವರು ಪೂಜೆಗೆ ಒಡೆದ ಕಾಯಿ ಚೂರನ್ನು ಎಲ್ಲರಿಗೂ ಹಂಚಿದರು.

ಅಣ್ಣಮ್ಮ ಹೊಸ ಮೆಷಿನ್ನಿನ ರಾಗಿ ಎರಡು ಸೇರು ಮನೆಗೆ ಒಯ್ದು ಹಿಟ್ಟು ಮಾಡಿಸಿ ಮುದ್ದೆ ಕಟ್ಟಿದರು. ಮರುದಿನ ಬೆಳಿಗ್ಗೆ ಗೋಡೌನಿಗೆ ಬಂದು ಮೆಷಿನ್ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತರು.

"ಮುದ್ದೆ ನುಂಗದಲ್ವಾ, ಅಗಿಯಂಗಿಲ್ಲ, ಬಚಾವು. ಆದ್ರೂ ನಾಲಿಗೇಗೆ ಸಿಕ್ತದೆ ಕಣವ್ವ. ಗರಗರ ಅಂತದೆ. ಮೊರದಲ್ಲಿ ನಾವೇ ಇದಕ್ಕಿಂತ ಚೆನ್ನಾಗಿ ಕಲ್ಲು ತೆಗಿತಿದ್ವಿ."

ಮುಂದಿನ ವಾರ ಹಿಟ್ಟಿನ ಕಂಪನಿಯವರು ಮೊದಲ ಲೋಡನ್ನೇ ವಾಪಸ್ ಕಳಿಸಿದರು. ಚೀಟಿಯಲ್ಲಿ ಒಂದೇ ಮಾತು: ಕಲ್ಲು.

ಚಿಕ್ಕಸ್ವಾಮಿಯವರು ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ನೇರ ಬೆಳ್ಳೂರು ಕ್ರಾಸಿಗೆ ಹೊರಟರು. ದಾರಿಯುದ್ದಕ್ಕೂ ನಾಗಾರ್ಜುನ ಅವರನ್ನು ಬೈದರು, ನಾನು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ. ಶೋರೂಮಿನಲ್ಲಿ ನಾಗಾರ್ಜುನ ಅವರು ಕಾಫಿ ತರಿಸಿ, ಎಲ್ಲ ಕೇಳಿಸಿಕೊಂಡು, ನನ್ನ ಮೇಲ್‌ನ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನ್ರೆ, ಇದ್ರಲ್ಲಿ ಕಲ್ಲು ತೆಗಿಬೇಕು ಅಂತ ಎಲ್ಲಿದೆ ತೋರಿಸಿ. ಐನೂರು ಕೆಜಿ ಅಂದ್ರಿ, ಕೊಟ್ಟೆ. ಎರಡು ಜರಡಿ ಅಂದ್ರಿ, ಕೊಟ್ಟೆ. ಒಂದು ಬೋಲ್ಟು ಕಮ್ಮಿ ಕೊಟ್ಟಿದ್ರೆ ಏಳಿ."

"ಅಲ್ಲಪ್ಪಾ, ನಮ್ ಕಡೆ ರಾಗಿ ಎಂಗಿರ್ತದೆ ಅಂತ ನಿಂಗೊತ್ತಿಲ್ವಾ?"

"ಗೊತ್ತು. ಯಾಕ್ ಗೊತ್ತಿರಲ್ಲ?" ಅವರು ನನ್ನ ಕಡೆ ತಿರುಗಿದರು, ಸಿಟ್ಟೇನೂ ಇರಲಿಲ್ಲ. "ಆದ್ರೆ ಮೇಡಂ, ನೀವ್ ಕೇಳ್ದೇ ಇರೋದನ್ನ ನಾನು ಸೇರಿಸಿದ್ರೆ ನನ್ ರೇಟು ಮೇಲೋಗ್ತಿತ್ತು. ಆರ್ಡರ್ ಬೇರೆಯೋರ್ಗೆ ಹೋಗ್ತಿತ್ತು. ಸೇರಿಸ್ದೋನು ಪೆದ್ದ ಆಗ್ತಿದ್ದ. ನೀವೇ ಏಳಿ, ಸುಳ್ಳಾ?"

ಸುಳ್ಳಲ್ಲ. ನಾನು ಆ ಕಾಫಿ ಕುಡಿಯಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಚಿಕ್ಕಸ್ವಾಮಿಯವರಿಗೆ ಹೇಳಿದೆ. ಮಂಚಯ್ಯ ಫೋನ್ ಮಾಡಿದ್ದು, ಸೇರಿಸಿ ಅಂತ ನಾನು ಹೇಳಿದ್ದು, ಉಳಿದವರಿಗೆ ತಿಳಿಸದೇ ಇದ್ದದ್ದು, ಸಭೆಯಲ್ಲಿ ಬಾಯಿ ಮುಚ್ಚಿಕೊಂಡದ್ದು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕಾರನ್ನು ಪಕ್ಕಕ್ಕೆ ಹಾಕಿದರು.

"ಅವತ್ತೇ ಏಳಿದ್ರೆ ಏನಾಗ್ತಿತ್ತವ್ವ?"

"ಇನ್ನೊಂದು ಮೇಲ್ ಹಾಕ್ಬೇಕಾಗ್ತಿತ್ತು ಅಣ್ಣ. ಎಲ್ಲರೂ ಹೊಸದಾಗಿ ರೇಟು ಕೊಡ್ತಿದ್ರು."

"ಎಷ್ಟ್ ದಿನ ತಡ ಆಗ್ತಿತ್ತು?"

"ಮೂರ್ ದಿನ. ನಾಲ್ಕ್ ದಿನ."

"ಅಷ್ಟೇಯ?" ಅವರು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತಾ ಕೂತರು. "ನಾವು ಆ ಮನುಸನ್ನ ಕಿಲಾಡಿ ಅಂದ್ಬುಟ್ವಲ್ಲವ್ವ. ನಾನೂ ನಕ್ಕೆ."

ಫೋನಿನಲ್ಲಿ ಹೇಳಿದ ಸುಳ್ಳನ್ನು ಮಾತ್ರ ಅವರಿಗೂ ಹೇಳಲಾಗಲಿಲ್ಲ. ಅದನ್ನು ಮೊದಲು ಕೇಳಬೇಕಾದವರು ಬೇರೆ ಇದ್ದರು.

ಪಾಂಡವಪುರಕ್ಕೆ ಮರುದಿನವೇ ಹೋದೆ. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲೇತು ಇದ್ದ ಕಡೆ ನೆಲದಲ್ಲಿ ನಾಲ್ಕು ಬೋಲ್ಟಿನ ಗುಂಡಿ, ಸುತ್ತ ಎಣ್ಣೆ ಕುಡಿದು ಕಪ್ಪಾದ ಸಿಮೆಂಟು. ಪಕ್ಕದಲ್ಲಿ ಯಾರದೋ ಪ್ಲಾಸ್ಟಿಕ್ ಕುರ್ಚಿಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ಶಾಮಿಯಾನದವರಿಗೆ ಬಾಡಿಗೆಗೆ ಕೊಟ್ಟಿದ್ದಾರಂತೆ. ಮಂಚಯ್ಯ ಅವುಗಳಲ್ಲೇ ಒಂದನ್ನು ಇಳಿಸಿಕೊಂಡು ಕೂತು ಪೇಪರ್ ನೋಡುತ್ತಿದ್ದರು.

"ಬಾರವ್ವ, ಬಾ. ನಿಮ್ ಮೆಷಿನ್ ಬಂತಂತೆ? ಒಂದ್ಸಲ ಬಂದು ನೋಡ್ಬೇಕು ಅಂತಿದ್ದೆ. ಆ ರೇಟಲ್ಲಿ ಎಂಗ್ ಮಾಡವ್ರೆ ಅಂತ. ಮೋಟ್ರು ಒಂದೇ ಆಕವ್ರೋ ಎರಡೋ?"

ಅವರು ನಿಜಕ್ಕೂ ತಿಳಿಯಲು ಕೇಳುತ್ತಿದ್ದರು. ನಾನು ಕೂರಲಿಲ್ಲ.

"ಮಾವ, ಅದ್ರಲ್ಲಿ ಕಲ್ಲು ತೆಗೆಯೋದು ಇಲ್ವೇ ಇಲ್ಲ. ಅವ್ರು ಅದನ್ನ ಹಾಕೇ ಇರ್ಲಿಲ್ಲ. ನಾನು ನಿಮಗೊಬ್ರಿಗೇ ಹೇಳಿದ್ದು, ಅವರಿಗೆ ಹೇಳ್ಲೇ ಇಲ್ಲ. ಆವತ್ತು ಫೋನಲ್ಲಿ ಹೂಂ ಅಂದಿದ್ದು ಸುಳ್ಳು."

ನಾನು ಯಾವಾಗಲೂ ಬೇಗ ಬೇಗ ಮಾತಾಡುವವಳು. ಅದನ್ನೂ ಹಾಗೇ ಹೇಳಿ ಮುಗಿಸಿದೆ.

ಅವರು ಪೇಪರನ್ನು ಮಡಿಸಿದರು. ಇನ್ನೊಂದು ಸಲ ಮಡಿಸಿದರು.

"ಅಂಗಾದ್ರೆ ನನ್ ಲೆಕ್ಕ ಸರಿಯಾಗಿತ್ತಾ?"

"ಸರಿಯಾಗಿತ್ತು ಮಾವ."

"ಸ್ನೇಹಾ," ಅಂತ ಮನೆ ಕಡೆಗೆ ಕೂಗಿದರು. ಅವಳು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಕೇಳ್ದೇನವ್ವ? ನಮ್ ಲೆಕ್ಕ ಸರಿಯಾಗೇ ಇತ್ತಂತೆ. ಇವ್ಳೇ ಬಂದು ಏಳ್ತಾವ್ಳೆ."

ಸ್ನೇಹ ನನ್ನನ್ನೇ ನೋಡಿದಳು. ಅವಳಿಗೆ ಒಂದೇ ಕ್ಷಣದಲ್ಲಿ ಪೂರ್ತಿ ಅರ್ಥವಾಯಿತು ಅಂತ ಅವಳ ಮುಖ ಹೇಳಿತು.

"ಮಾವಯ್ಯ ಹದಿನೈದು ದಿನ ಆ ಹಾಳೆ ಇಟ್ಕೊಂಡು ಲೆಕ್ಕ ಕೂಡ್ತಾನೇ ಇದ್ರು," ಅಂದಳು. "ಎಲ್ಲಿ ಜಾಸ್ತಿ ಆಯ್ತು ಎಲ್ಲಿ ಜಾಸ್ತಿ ಆಯ್ತು ಅಂತ. ಆಮೇಲೆ ಅವರೇ ಹೋಗಿ ಲೇತಿಗೆ ಗಿರಾಕಿ ಕರ್ಕೊಂಡು ಬಂದ್ರು. ನೀವು ಒಂದ್ ಫೋನ್ ಮಾಡ್ಬಹುದಿತ್ತು."

"ಬುಡವ್ವ, ಮನೆಗ್ ಬಂದವ್ಳೆ," ಅಂದರು ಮಂಚಯ್ಯ. "ಕಾಪಿ ಕಾಯ್ಸೋಗು."

ಕಾಫಿ ಬಂತು. ಕುಡಿದೆ. ಅಲ್ಲಿ ಬೇಡ ಅನ್ನುವ ಧೈರ್ಯವೂ ನನಗಿರಲಿಲ್ಲ. ಹೊರಡುವಾಗ ಕೇಳಿದೆ, ಈಗ ಕಲ್ಲು ತೆಗೆಯುವ ಭಾಗವನ್ನು ಬೇರೆಯಾಗಿಯೇ ಕೊಳ್ಳಬೇಕು, ಮತ್ತೆ ಮೇಲ್ ಹಾಕುತ್ತೇವೆ, ಈ ಸಲ ಸರಿಯಾಗಿ, ನೀವೂ ಕೊಡುತ್ತೀರಾ ಅಂತ. ಅವರು ನೆಲದ ಆ ಗುಂಡಿಗಳ ಕಡೆ ಒಮ್ಮೆ ನೋಡಿದರು.

"ಕಳ್ಸವ್ವ. ಎಲ್ರಿಗೂ ಕಳ್ಸಿದಂಗೆ ನಂಗೂ ಕಳ್ಸು."

ಈ ಸಲ ಮೇಲ್ ಬರೆಯಲು ಒಂದೇ ದಿನ ಸಾಕಾಯಿತು. ಮೊದಲ ಸಾಲಿನಲ್ಲೇ ಬರೆದೆ: ನಮ್ಮ ರಾಗಿ ಡಾಂಬರು ರಸ್ತೆಯ ಮೇಲೆ ಒಕ್ಕಿದ್ದು, ಅದರಲ್ಲಿ ರಾಗಿ ಗಾತ್ರದ ಜಲ್ಲಿಪುಡಿ ಇರುತ್ತದೆ, ಬೇಕಾದರೆ ಬಂದು ಎರಡು ಕೆಜಿ ಮಾದರಿ ಒಯ್ಯಬಹುದು. ಕಳಿಸುವ ಮುಂಚೆ ಅಣ್ಣಮ್ಮನವರಿಗೆ ಓದಿ ಹೇಳಿದೆ. ಅವರು ಟಾರಿನ ಉಂಡೆಯನ್ನೂ ಸೇರಿಸು ಅಂದರು, ಬಿಸಿಲಿಗೆ ಅಂಟುತ್ತದೆ ಅಂತ. ಸೇರಿಸಿದೆ. ಶ್ರೀಕರ ಅವರು ಮೋಟಾರಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಅದರ ಉತ್ತರ ಹತ್ತು ನಿಮಿಷದೊಳಗೆ ಎಲ್ಲರಿಗೂ ಹೋಯಿತು, ಕೇಳಿದವರ ಹೆಸರಿಲ್ಲದೆ. ಕೇಳಿದ ಪ್ರಶ್ನೆ ಚಿಕ್ಕದು, ಕೊಟ್ಟ ಉತ್ತರ ಎರಡು ಸಾಲು. ಕಳಿಸು ಅನ್ನುವ ಗುಂಡಿ ಒತ್ತಿ ಆ ಪರದೆಯನ್ನೇ ನೋಡುತ್ತಾ ಕೂತೆ. ಇಷ್ಟೇ ಇದ್ದದ್ದು.

ಫೆಬ್ರವರಿ ಹತ್ತು ಕೊನೆ ದಿನ. ಐದು ಗಂಟೆಗೆ ತೆರೆದಾಗ ಮೂರು ಉತ್ತರ ಇದ್ದವು. ಎರಡು ದರ. ಮೂರನೆಯದು ಪಾಂಡವಪುರದ್ದು, ಮಧ್ಯಾಹ್ನವೇ ಬಂದಿತ್ತು. ನಾನು ಕೇಳಿದ್ದ ನಮೂನೆಯಲ್ಲೇ, ವಿಷಯದ ಸಾಲೂ ನಾನು ಹೇಳಿದ್ದ ಹಾಗೆಯೇ. ಬೆಲೆ, ತೆರಿಗೆ, ಸಾಗಣೆ, ಎಲ್ಲ ಮನೆಗಳಲ್ಲೂ ಒಂದೊಂದು ಗೀಟು. ಕೆಳಗೆ: "ನಮ್ಮಲ್ಲಿ ಈಗ ಯಂತ್ರೋಪಕರಣ ಇಲ್ಲದ ಕಾರಣ ದರ ಕೊಡಲು ಆಗುತ್ತಿಲ್ಲ. ಕೇಳಿದ್ದಕ್ಕೆ ವಂದನೆಗಳು. ಮಂಚಯ್ಯ."

ಸಭೆಯಲ್ಲಿ ಹಾಳೆ ಹಂಚಿದೆ. ಈ ಸಲ ಯಾರೂ ಹೊಗಳಲಿಲ್ಲ. ಶಿವಶಂಕರ್ ಮೂರನೇ ಸಾಲಿನ ಗೀಟುಗಳನ್ನು ನೋಡಿ ಕೇಳಿದರು: "ಇದೇನು, ಮುದುಕ ಈ ಸಲ ರೇಟೇ ಆಕಿಲ್ಲ? ಮುನುಸ್ಕಂಡ್ನಾ?"

ಚಿಕ್ಕಸ್ವಾಮಿಯವರು ನನ್ನ ಕಡೆ ನೋಡಿದರು, ಅವರೇ ಏನೋ ಹೇಳಲು ಬಾಯಿ ತೆರೆದರು. ನಾನು ಎದ್ದು ನಿಂತೆ.

"ಮುನಿಸಿಕೊಂಡಿಲ್ಲ ಶಿವಶಂಕರಣ್ಣ. ಲೇತು ಮಾರಿಬಿಟ್ರು," ಅಂದೆ. "ಯಾಕೆ ಮಾರಿದ್ರು ಅಂತ ಹೇಳ್ತೀನಿ, ಎಲ್ಲರೂ ಕೇಳಿ."